ಪಹಣಿಯ ವಿಸ್ತೀರ್ಣ ಮತ್ತು ಜಿಐಎಸ್ ವಿಸ್ತೀರ್ಣ

ಒಂದೇ ಹೊಲದ ವಿಸ್ತೀರ್ಣ ಪಹಣಿಯಲ್ಲಿ ಒಂದು, ಕಂಪ್ಯೂಟರಿನ ನಕ್ಷೆಯಲ್ಲಿ ಇನ್ನೊಂದು ಬರುವುದು ಕರ್ನಾಟಕದಲ್ಲಿ ಭೂದಾಖಲೆಯೊಡನೆ ಕೆಲಸ ಮಾಡುವ ಎಲ್ಲರಿಗೂ ಪರಿಚಿತ ಸಂಗತಿ. ಪಹಣಿ 4 ಎಕರೆ 10 ಗುಂಟೆ ಎಂದರೆ ಜಿಐಎಸ್ ತಂತ್ರಾಂಶ 4 ಎಕರೆ 39 ಗುಂಟೆ ಎನ್ನುತ್ತದೆ. ಇವೆರಡರಲ್ಲಿ ಒಂದು ಸುಳ್ಳು ಎಂದು ತೀರ್ಮಾನಿಸುವವರೇ ಹೆಚ್ಚು. ಜಮೀನು ಹೆಚ್ಚಾಯಿತೆಂದು ಹಿಗ್ಗುವವರೂ ಒತ್ತುವರಿಯೆಂದು ನೆರೆಯವನ ಮೇಲೆ ಹೋಗುವವರೂ ಹೀಗೆಯೇ ಹುಟ್ಟಿಕೊಳ್ಳುತ್ತಾರೆ. ವಾಸ್ತವದಲ್ಲಿ ಈ ಎರಡು ಅಂಕಿಗಳು ಬೇರೆಬೇರೆ ವಸ್ತುಗಳ ಅಳತೆ. ಪಹಣಿಯದು ನೆಲದ ಮೇಲೆ ಸರಪಳಿ ಎಳೆದು, ಬಂದ ಉದ್ದಗಳನ್ನು ಗುಣಿಸಿ ಪಡೆದ ಲೆಕ್ಕ. ತಂತ್ರಾಂಶದ್ದು ಯಾರೋ ಪರದೆಯ ಮೇಲೆ ಎಳೆದ ಗೆರೆಯೊಳಗಿನ ಜಾಗದ ಲೆಕ್ಕ. ಇವುಗಳ ನಡುವಿನ ವ್ಯತ್ಯಾಸಕ್ಕೆ ಕಾರಣಗಳು ಕೆಲವೇ. ಪ್ರತಿ ಕಾರಣಕ್ಕೂ ತನ್ನದೇ ಗುರುತು ಇರುವುದರಿಂದ ಅವನ್ನು ಬಿಡಿಸಿ ನೋಡಲೂ ಬರುತ್ತದೆ.

ದಾಖಲೆಯ ಅಂಕಿ ಹುಟ್ಟಿದ ಬಗೆ

ಹಳೆಯ ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕೆಲಸ 1863ರಲ್ಲಿ ಮುಂಬಯಿ ಪದ್ಧತಿಯನ್ನು ಅನುಸರಿಸಿ ಶುರುವಾಯಿತು. ಆ ಪದ್ಧತಿಯ ಮುಖ್ಯ ಸಲಕರಣೆಗಳು ಎರಡೇ: 33 ಅಡಿ ಉದ್ದದ ಸರಪಳಿ, ಲಂಬ ಹಿಡಿಯಲು ಕ್ರಾಸ್ ಸ್ಟಾಫ್ ಎಂಬ ಕೋಲು. ಸರಪಳಿಯನ್ನು 16 ಆಣೆಗಳಾಗಿ ಭಾಗ ಮಾಡಿರುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ 1,089 ಚದರ ಅಡಿ. ಅದೇ ಒಂದು ಗುಂಟೆ. ನಲವತ್ತು ಗುಂಟೆ ಕೂಡಿದರೆ 43,560 ಚದರ ಅಡಿಯ ಎಕರೆ. ಈ ಏರ್ಪಾಡಿನ ಚೆಲುವು ಹೊಲದಲ್ಲಿ ನಿಂತಾಗ ತಿಳಿಯುತ್ತದೆ. ಉದ್ದಗಳನ್ನು ಸರಪಳಿಯಲ್ಲಿ ಬರೆದುಕೊಂಡು ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲಿಯೇ ಬರುತ್ತದೆ, ಬೇರೆ ಪರಿವರ್ತನೆ ಬೇಕಿಲ್ಲ.

ಸರ್ವೆಯವರು ಹೊಲದ ಒಂದು ಮೂಲೆಯಿಂದ ಎದುರು ಮೂಲೆಗೆ ನೆಟ್ಟಗೆ ಒಂದು ಆಧಾರ ರೇಖೆ ಎಳೆಯುತ್ತಿದ್ದರು. ಅದರ ಮೇಲೆ ನಡೆಯುತ್ತಾ, ಎಡಬಲದ ಒಂದೊಂದು ಬಾಂದು ಕಲ್ಲಿಗೂ ಕ್ರಾಸ್ ಸ್ಟಾಫಿನಿಂದ ಲಂಬ ಹಿಡಿದು, ಆ ಅಡ್ಡ ಅಳತೆಯನ್ನು ಬರೆದುಕೊಳ್ಳುತ್ತಿದ್ದರು. ಹೊಲ ತ್ರಿಕೋನಗಳಾಗಿ, ಓರೆ ಪಟ್ಟಿಗಳಾಗಿ ಒಡೆದು, ಪ್ರತಿಯೊಂದರ ವಿಸ್ತೀರ್ಣ ಕೂಡಿ ಒಟ್ಟು ಮೊತ್ತ ಬರುತ್ತಿತ್ತು. ಈ ಅಳತೆಗಳ ಕೈನಕ್ಷೆಯೇ ಟಿಪ್ಪಣಿ. ಟಿಪ್ಪಣಿಯಲ್ಲಿ ಹುಟ್ಟಿದ ವಿಸ್ತೀರ್ಣ ಆಕಾರ್‌ಬಂದ್ ಎಂಬ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಕೈಬರಹದ ಪಹಣಿಗೆ ಬಂದಿತು. ಸುಮಾರು 2000ದಲ್ಲಿ ಭೂಮಿ ಯೋಜನೆ ಶುರುವಾದಾಗ ಆ ಕೈಬರಹದ ಅಂಕಿಗಳೇ ಕಂಪ್ಯೂಟರಿಗೆ ಇಳಿದವು. ಗಣಕೀಕರಣದ ಹೊತ್ತಿನಲ್ಲಿ ಯಾವ ಹೊಲವನ್ನೂ ಮತ್ತೆ ಅಳೆಯಲಿಲ್ಲ. ಹೀಗಾಗಿ ಇಂದು ನಾಡಕಚೇರಿಯಲ್ಲಿ ಮುದ್ರಣಗೊಂಡು ಬರುವ ಹಾಳೆಯ ಮೇಲೆ, ಮಧ್ಯೆ ಪೋಡಿಯೋ ಮರು ಅಳತೆಯೋ ಆಗಿಲ್ಲದಿದ್ದರೆ, ಅಂದಿನ ಸರಪಳಿಯ ಲೆಕ್ಕವೇ ಇದೆ.

ಆ ಸರಪಳಿ ನಿಷ್ಕಳಂಕವಾಗಿರಲಿಲ್ಲ. ವರ್ಷಗಟ್ಟಲೆ ಎಳೆದಾಡಿದ ಸರಪಳಿಯ ಕೊಂಡಿಗಳು ಸವೆದು, ಬಳೆಗಳು ಹಿಗ್ಗಿ, ಉದ್ದ ಬೆಳೆಯುತ್ತದೆ. 33 ಅಡಿಯಲ್ಲಿ 2 ಅಂಗುಲ ಬೆಳೆದರೆ ಉದ್ದದ ತಪ್ಪು ಶೇ. 0.5, ವಿಸ್ತೀರ್ಣದ ತಪ್ಪು ಶೇ. 1. ಉದ್ದವಾದ ಸರಪಳಿ ಕಡಿಮೆ ಬಾರಿ ಹಿಡಿಯುವುದರಿಂದ ದಾಖಲೆಯ ಅಂಕಿ ನೆಲಕ್ಕಿಂತ ಕಡಿಮೆ ಬೀಳುತ್ತದೆ. ಇಳಿಜಾರಿನಲ್ಲಿ ಇದರ ತಿರುವುಮುರುವು. ಸರಪಳಿಯನ್ನು ಮಟ್ಟಸವಾಗಿ ಎತ್ತಿ ಹಿಡಿಯದೆ ನೆಲಕ್ಕೇ ಹಾಸಿದರೆ ಉದ್ದ ಹೆಚ್ಚಾಗಿ ಬರುತ್ತದೆ. ನಕ್ಷೆಯೂ ತಂತ್ರಾಂಶವೂ ನೆಲವನ್ನು ಮೇಲಿನಿಂದ ನೋಡಿದಂತೆ ಮಟ್ಟಸ ವಿಸ್ತೀರ್ಣವನ್ನೇ ಕೊಡುವುದರಿಂದ, 10 ಡಿಗ್ರಿ ಇಳಿಜಾರಿನಲ್ಲಿ ಶೇ. 1.5ರಷ್ಟೂ 20 ಡಿಗ್ರಿಯಲ್ಲಿ ಶೇ. 6ಕ್ಕಿಂತ ತುಸು ಹೆಚ್ಚೂ ಅಂತರ ಬರಬಹುದು. ಬಯಲುಸೀಮೆಯ ಹೊಲಗಳಲ್ಲಿ ಈ ಕಾರಣವನ್ನು ಮರೆತರೂ ನಡೆಯುತ್ತದೆ. ಮಲೆನಾಡಿನ ಕಾಫಿ ತೋಟದಲ್ಲಿ ಮರೆಯುವಂತಿಲ್ಲ.

ಪಹಣಿಯನ್ನು ಓದುವಲ್ಲಿನ ತಪ್ಪು

ತಂತ್ರಾಂಶವನ್ನು ಬೈಯುವ ಮುನ್ನ ಪಹಣಿಯನ್ನು ಸರಿಯಾಗಿ ಓದಬೇಕು. ವ್ಯತ್ಯಾಸದ ದೂರುಗಳಲ್ಲಿ ಸಾಕಷ್ಟು ಇಲ್ಲಿಯೇ ಮುಗಿದುಹೋಗುತ್ತವೆ.

ಮೊದಲನೆಯದು ಚುಕ್ಕೆಯ ತಪ್ಪು. ಪಹಣಿಯ 2-10-00 ಎಂಬುದು 2 ಎಕರೆ 10 ಗುಂಟೆ 0 ಆಣೆ. ಇದನ್ನು 2.10 ಎಂದು ಎಕ್ಸೆಲ್ ಹಾಳೆಗೆ ಹಾಕಿದ ಕ್ಷಣ ಅದು ದಶಮಾಂಶವಾಗಿಬಿಡುತ್ತದೆ. ನಿಜವಾದ ಬೆಲೆ 2.25 ಎಕರೆ. 2-30ನ್ನು 2.30 ಎಂದು ಬರೆದವರು 18 ಗುಂಟೆ ಕಳೆದುಕೊಳ್ಳುತ್ತಾರೆ. ಮದ್ರಾಸ್ ಆಡಳಿತಕ್ಕೆ ಒಳಪಟ್ಟಿದ್ದ ದಕ್ಷಿಣ ಕನ್ನಡ, ಉಡುಪಿ ಕಡೆ ಲೆಕ್ಕವೇ ಬೇರೆ. ಅಲ್ಲಿ ಎಕರೆಗೆ 100 ಸೆಂಟ್ಸ್, ಹಾಗಾಗಿ ಅಲ್ಲಿಯ 2-25 ಎಂದರೆ 2.25 ಎಕರೆಯೇ. ತುಮಕೂರಿನ 2-25 ಎಂದರೆ 2.625 ಎಕರೆ. ಇಡೀ ರಾಜ್ಯದ ಪಟ್ಟಿಗೆ ಒಂದೇ ಸೂತ್ರ ಹಾಕಿ ಕುಳಿತವರಿಗೆ ಇದು ತಿಳಿಯುವುದು ಕೆಲಸ ಮುಗಿದ ಮೇಲೆ.

ಎರಡನೆಯದು ಖರಾಬು. ಸರ್ವೆಯ ಉದ್ದೇಶ ಕಂದಾಯ ಕಟ್ಟುವುದಾಗಿತ್ತು. ಬೆಳೆ ಬಾರದ ನೆಲಕ್ಕೆ ಕಂದಾಯವಿಲ್ಲವಾದ್ದರಿಂದ ಅದನ್ನು ಕಳೆದು ಬರೆಯುತ್ತಿದ್ದರು. ಬಂಡೆ, ಮೊರಡಿಯಂಥ ಸಾಗುವಳಿಗೆ ಬಾರದ ನೆಲ ‘ಎ’ ಖರಾಬು. ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ‘ಬಿ’ ಖರಾಬು. ಪಹಣಿಯ 3ನೇ ಕಲಮಿನಲ್ಲಿ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಈ ಎರಡು ಖರಾಬು, ಕೊನೆಗೆ ಉಳಿದ ವಿಸ್ತೀರ್ಣ ಇರುತ್ತವೆ. 9ನೇ ಕಲಮಿನಲ್ಲಿ ಮಾಲೀಕನ ಹೆಸರಿನ ಮುಂದೆ ಬರುವುದು ಸಾಮಾನ್ಯವಾಗಿ ಖರಾಬು ಕಳೆದ ಅಂಕಿ. ರೈತ ತನ್ನ ಜಮೀನು ಎಷ್ಟೆಂದು ಹೇಳುವಾಗ ಹೇಳುವುದೂ ಇದನ್ನೇ. ಆದರೆ ಬಾಂದು ಕಲ್ಲಿನಿಂದ ಬಾಂದು ಕಲ್ಲಿಗೆ ಎಳೆದ ಗೆರೆಯೊಳಗೆ ಬಂಡೆಯೂ ಇದೆ, ಕಾಲುದಾರಿಯೂ ಇದೆ. ತಂತ್ರಾಂಶದ ಅಂಕಿಯನ್ನು ಹೋಲಿಸಬೇಕಾದದ್ದು 3ನೇ ಕಲಮಿನ ಒಟ್ಟು ವಿಸ್ತೀರ್ಣದ ಜೊತೆಗೇ ಹೊರತು 9ನೇ ಕಲಮಿನ ಜೊತೆಗಲ್ಲ.

ಮೂರನೆಯದು ಪೋಡಿಯಾಗದ ಜಮೀನು. ಒಂದು ಸರ್ವೆ ನಂಬರಿನಲ್ಲಿ ನಾಲ್ಕು ಅಣ್ಣತಮ್ಮಂದಿರ ಹೆಸರು ಇದ್ದು, ಒಬ್ಬೊಬ್ಬರಿಗೂ ‘ಪೈಕಿ’ ಎಂದು ಒಂದು ಎಕರೆ ಬರೆದಿದ್ದರೆ, ಆ ಒಂದು ಎಕರೆ ಕಾಗದದ ಮೇಲಿನ ಪಾಲು ಮಾತ್ರ. ಅದಕ್ಕೆ ಟಿಪ್ಪಣಿಯಿಲ್ಲ, ನಕ್ಷೆಯಲ್ಲಿ ಗೆರೆಯಿಲ್ಲ. ಉಪಗ್ರಹ ಚಿತ್ರದಲ್ಲಿ ಕಾಣುವ ಒಳಬದು ಅವರವರೇ ಮಾತಾಡಿಕೊಂಡು ಹಾಕಿಕೊಂಡದ್ದು. ಅದನ್ನು ಅಳೆದು ಪಹಣಿಯ ಪಾಲಿಗೆ ಹೋಲಿಸುವುದರಿಂದ ಅನುಭವದ ಬಗ್ಗೆ ಏನಾದರೂ ತಿಳಿದೀತು, ದಾಖಲೆ ಸರಿಯೋ ತಪ್ಪೋ ಎಂಬುದು ತಿಳಿಯದು.

ತಂತ್ರಾಂಶದ ಕಡೆಯ ಕಾರಣ: ಪ್ರೊಜೆಕ್ಷನ್

ದುಂಡಗಿನ ಭೂಮಿಯನ್ನು ಚಪ್ಪಟೆ ಪರದೆಗೆ ಇಳಿಸುವ ಗಣಿತದ ವಿಧಾನಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಗೂಗಲ್ ನಕ್ಷೆ ಮತ್ತು ಬಹುತೇಕ ಅಂತರ್ಜಾಲ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರೊಜೆಕ್ಷನ್ನಿಗೆ `EPSG:3857` ಎಂಬ ಸಂಖ್ಯೆ. ಇದರಲ್ಲಿ ಆಕಾರ ಕೆಡದಂತೆ ಉಳಿಯುತ್ತದೆ, ಆದರೆ ಸಮಭಾಜಕ ವೃತ್ತದಿಂದ ದೂರ ಸರಿದಷ್ಟೂ ಗಾತ್ರ ಊದುತ್ತದೆ. ಕರ್ನಾಟಕ ಸಮಭಾಜಕಕ್ಕೆ ಹತ್ತಿರವೇ ಇದ್ದರೂ ಈ ಊತ ಕಡೆಗಣಿಸುವಷ್ಟು ಚಿಕ್ಕದಲ್ಲ. ಮೈಸೂರಿನ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ಶೇ. 5.4 ಹೆಚ್ಚು ತೋರುತ್ತದೆ, 15 ಡಿಗ್ರಿಯ ಹತ್ತಿರ ಶೇ. 7.8, ಕಲಬುರಗಿಯಲ್ಲಿ ಶೇ. 10ಕ್ಕಿಂತ ಹೆಚ್ಚು. ಕಲಬುರಗಿಯ ಹತ್ತು ಎಕರೆ ಹೊಲ ಪರದೆಯ ಮೇಲೆ ಹನ್ನೊಂದು ಎಕರೆಯಾಗುತ್ತದೆ. ಇದು ಯಾರ ಕೈತಪ್ಪೂ ಅಲ್ಲ. ಆದ್ದರಿಂದಲೇ ಎಷ್ಟು ಸಲ ಗೆರೆ ಎಳೆದರೂ ಅದೇ ಉತ್ತರ ಬರುತ್ತದೆ, ನೋಡುವವರಿಗೆ ನಂಬಿಕೆಯೂ ಹೆಚ್ಚುತ್ತದೆ.

ಕ್ಯೂಜಿಐಎಸ್ ಬಳಸುವವರು ಈ ಹಳ್ಳಕ್ಕೆ ಬೀಳುವ ದಾರಿ ಒಂದಿದೆ. ಅದರ ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ವಿಸ್ತೀರ್ಣ ಕೇಳಲು ಎರಡು ಮಾತುಗಳಿವೆ:

```
$area / 101.1714
area(@geometry) / 101.1714
```

ಎರಡೂ ಚದರ ಮೀಟರನ್ನು ಗುಂಟೆಗೆ ತಿರುಗಿಸುವಂತೆ ಕಾಣುತ್ತವೆ. ಆದರೆ ಮೊದಲನೆಯದು ಪ್ರಾಜೆಕ್ಟಿಗೆ ಹೊಂದಿಸಿದ ಎಲಿಪ್ಸಾಯ್ಡ್ ಹಿಡಿದು, ಅಂದರೆ ಭೂಮಿಯ ನಿಜವಾದ ದುಂಡನ್ನು ಗಣಿಸಿ, ಲೆಕ್ಕ ಹಾಕುತ್ತದೆ. ಎರಡನೆಯದು ಪದರ ಯಾವ ಪ್ರೊಜೆಕ್ಷನ್ನಿನಲ್ಲಿದೆಯೋ ಆ ಚಪ್ಪಟೆ ಹಾಳೆಯ ಮೇಲಿನ ಲೆಕ್ಕ. ಪದರ `EPSG:3857`ರಲ್ಲಿದ್ದರೆ ಊದಿದ ಅಂಕಿ ಬರುತ್ತದೆ. `EPSG:4326`ರಲ್ಲಿದ್ದರೆ, ಅದು ಅಕ್ಷಾಂಶ ರೇಖಾಂಶದ ಪದರವಾದ್ದರಿಂದ, ‘ಚದರ ಡಿಗ್ರಿ’ ಎಂಬ ಅರ್ಥವಿಲ್ಲದ ಅಂಕಿ ಬರುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿ ಒಂದು ಎಕರೆ ಸುಮಾರು 0.00000034. ಈ ಎರಡನೆಯ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ನಿರುಪದ್ರವಿ. ಶೇ. 6 ಹೆಚ್ಚು ತೋರುವ ಮೊದಲನೆಯದೇ ಅಪಾಯದ್ದು, ಏಕೆಂದರೆ ಅದು ನಂಬುವಂತಿರುತ್ತದೆ. ಇನ್ನೊಂದು ಎಚ್ಚರ: `$area` ಪ್ರಾಜೆಕ್ಟಿನ ವಿಸ್ತೀರ್ಣ ಮಾನವನ್ನೂ ಅನುಸರಿಸುವುದರಿಂದ ಅಲ್ಲಿ ಚದರ ಮೀಟರ್ ಆಯ್ದಿರಬೇಕು. ಎಲಿಪ್ಸಾಯ್ಡ್ ಜಾಗದಲ್ಲಿ ‘ಯಾವುದೂ ಇಲ್ಲ’ ಎಂದಿದ್ದರೆ ಅದೂ ಚಪ್ಪಟೆ ಲೆಕ್ಕವನ್ನೇ ಕೊಡುತ್ತದೆ.

ಕರ್ನಾಟಕದ ಬಹುಭಾಗ ಯುಟಿಎಂ 43ನೇ ವಲಯದಲ್ಲಿದೆ, ಸಂಖ್ಯೆ `EPSG:32643`. ಕೋಲಾರದಂತೆ 78 ಡಿಗ್ರಿ ರೇಖಾಂಶದಿಂದ ಪೂರ್ವಕ್ಕಿರುವ ಅಂಚು ಮಾತ್ರ 44ನೆಯದರಲ್ಲಿ. ಈ ಪ್ರೊಜೆಕ್ಷನ್ನೂ ಪೂರಾ ನಿಖರವಲ್ಲ. 75 ಡಿಗ್ರಿ ರೇಖಾಂಶದ ಮೇಲೆ ವಿಸ್ತೀರ್ಣವನ್ನು ಶೇ. 0.08 ಕಡಿಮೆಯೂ, ವಲಯದ ಪೂರ್ವದ ಅಂಚಿನಲ್ಲಿ ಶೇ. 0.18ರಷ್ಟು ಹೆಚ್ಚೂ ತೋರುತ್ತದೆ. ಐದು ಎಕರೆಗೆ ಅರ್ಧ ಗುಂಟೆಯೂ ಆಗದ ಈ ತಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಉಪಗ್ರಹ ಚಿತ್ರ ಹತ್ತಾರು ಅಡಿ ಪಕ್ಕಕ್ಕೆ ಸರಿದಿರುವುದುಂಟು. ಅದರಿಂದ ಹೊಲ ಇರುವ ಜಾಗ ತಪ್ಪುತ್ತದೆ, ವಿಸ್ತೀರ್ಣ ತಪ್ಪುವುದಿಲ್ಲ. ಚಿತ್ರ ಸರಿದಿದೆ ಎಂದು ತೋರಿಸಿ ಗುಂಟೆಗಳ ವ್ಯತ್ಯಾಸಕ್ಕೆ ಅದನ್ನೇ ಕಾರಣ ಮಾಡುವುದು ತಪ್ಪು ವಾದ. ವಿಸ್ತೀರ್ಣ ಬದಲಾಗಬೇಕಾದರೆ ಚಿತ್ರ ಹಿಗ್ಗಿರಬೇಕು ಅಥವಾ ಕುಗ್ಗಿರಬೇಕು.

ಗ್ರಾಮ ನಕಾಶೆ ಮತ್ತು ಗೆರೆಯ ದಪ್ಪ

ಜಿಐಎಸ್‌ನಲ್ಲಿ ಸಿಗುವ ಸರ್ವೆ ನಂಬರಿನ ಗೆರೆಗಳಲ್ಲಿ ಹೆಚ್ಚಿನವು ಹಳೆಯ ಗ್ರಾಮ ನಕಾಶೆಯನ್ನು ಸ್ಕ್ಯಾನ್ ಮಾಡಿ, ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಗೆರೆಯ ಮೇಲೆ ಗೆರೆ ಎಳೆದು ಪಡೆದವು. ಜನ ಮೊಬೈಲಿನಲ್ಲಿ ನೋಡುವ ದಿಶಾಂಕ್ ಆಪ್‌ನ ಗೆರೆಗಳಿಗೂ ಮೂಲ ಈ ನಕಾಶೆಗಳೇ. ನಕಾಶೆಯ ಪ್ರಮಾಣ ಸಾಮಾನ್ಯವಾಗಿ 1:7920, ಅಂದರೆ ಮೈಲಿಗೆ ಎಂಟು ಅಂಗುಲ. ಕಾಗದದ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ, ಒಂದು ಚದರ ಅಂಗುಲಕ್ಕೆ ಹತ್ತು ಎಕರೆ.

ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲ ಆವರಿಸುತ್ತದೆ. ಎರಡು ಎಕರೆಯ ಚೌಕ ಹೊಲವೊಂದರ ಒಂದು ಬದಿ 90 ಮೀಟರ್. ಗೆರೆಯ ನಡುವಿನ ಬದಲು ಹೊರ ಅಂಚು ಹಿಡಿದು ಎಳೆದರೆ ನಾಲ್ಕೂ ಕಡೆ 2 ಮೀಟರ್ ಹೊರಚಾಚಿ, 94 ಮೀಟರ್ ಬದಿಯ ಚೌಕವಾಗುತ್ತದೆ. ವಿಸ್ತೀರ್ಣ ಶೇ. 9 ಏರಿತು, ಏಳು ಗುಂಟೆಗೂ ಹೆಚ್ಚು ಭೂಮಿ ಶಾಯಿಯಿಂದಲೇ ಹುಟ್ಟಿತು. ಇದರ ಜೊತೆಗೆ ಬಟ್ಟೆ ಅಂಟಿಸಿದ ಹಳೆಯ ಹಾಳೆ ಕುಗ್ಗಿರುತ್ತದೆ, ಮಡಿಕೆಯಲ್ಲಿ ಹರಿದಿರುತ್ತದೆ. ಎರಡು ದಿಕ್ಕಿನಲ್ಲೂ ಶೇ. 1 ಕುಗ್ಗಿದರೆ ವಿಸ್ತೀರ್ಣದಲ್ಲಿ ಶೇ. 2 ಹೋಯಿತು. ನಕಾಶೆಯಲ್ಲಿ ಅಕ್ಷಾಂಶ ರೇಖಾಂಶಗಳೂ ಇಲ್ಲ. ಕೆರೆ ಏರಿ, ದಾರಿ ಕೂಡುವ ಜಾಗ, ಮೂರು ಗ್ರಾಮ ಸೇರುವ ಗಡಿಕಲ್ಲು ಇಂಥವನ್ನು ಹುಡುಕಿ, ನಕಾಶೆಯನ್ನು ಅವಕ್ಕೆ ತಾಗುವಂತೆ ಎಳೆದು ಕೂರಿಸುತ್ತಾರೆ. ಎಳೆದಾಗ ಊರಿನ ಒಂದು ಮೂಲೆ ಹಿಗ್ಗಿ ಇನ್ನೊಂದು ಕುಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವಿಸ್ತೀರ್ಣ ಹುಟ್ಟಿದ್ದು ಟಿಪ್ಪಣಿಯಲ್ಲಿ. ಗ್ರಾಮ ನಕಾಶೆ ಆ ಟಿಪ್ಪಣಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಬರೆದ ಚಿತ್ರ. ಜೋಡಿಸುವಾಗ ಅಲ್ಲಲ್ಲಿ ಒಂದಿಷ್ಟು ಹೊಂದಿಸಿಕೊಂಡದ್ದೂ ಇದೆ. ಯಾವ ಹೊಲ ಯಾವುದರ ಪಕ್ಕ ಇದೆ ಎಂದು ತೋರಿಸಲು ಮಾಡಿದ ಚಿತ್ರವನ್ನು ಅಳೆದು, ಅದರಿಂದ ಟಿಪ್ಪಣಿಯ ಲೆಕ್ಕವನ್ನು ತಪ್ಪೆನ್ನುವುದು ಫೋಟೋದಲ್ಲಿ ಸ್ಕೇಲಿಟ್ಟು ಮನುಷ್ಯನ ಎತ್ತರ ಹೇಳಿದಂತೆ. ನಿಜವಾಗಿ ಹೋಲಿಸಬೇಕೆಂದರೆ ಸರ್ವೆ ಕಚೇರಿಯಿಂದ ಟಿಪ್ಪಣಿಯ ನಕಲು ಪಡೆದು, ಅದರ ಸರಪಳಿ ಅಳತೆಗಳಿಂದಲೇ ಕಂಪ್ಯೂಟರಿನಲ್ಲಿ ಹೊಲವನ್ನು ಮತ್ತೆ ಕಟ್ಟಬೇಕು.

ಒಂದು ಸರ್ವೆ ನಂಬರಿನ ಲೆಕ್ಕ

ಉದಾಹರಣೆಗಾಗಿ ಶಿರಾ ಸೀಮೆಯ ಅಕ್ಷಾಂಶದಲ್ಲಿ, ಅಂದರೆ ಸುಮಾರು 13.7 ಡಿಗ್ರಿಯಲ್ಲಿ, ಒಂದು ಹೊಲವನ್ನು ಕಲ್ಪಿಸಿಕೊಳ್ಳೋಣ. ಪಹಣಿಯ 9ನೇ ಕಲಮಿನಲ್ಲಿ 4-10. ಮಾಲೀಕರ ಮಗ ಉಪಗ್ರಹ ಚಿತ್ರದ ಮೇಲೆ ಬದುಗಳನ್ನು ಹಿಡಿದು ಗೆರೆ ಎಳೆದ. ಪದರ `EPSG:3857`ರಲ್ಲಿತ್ತು, `area(@geometry)` ಕೇಳಿದ. ಬಂದದ್ದು 20,150 ಚದರ ಮೀಟರ್, ಅಂದರೆ 199.2 ಗುಂಟೆ, 4 ಎಕರೆ 39 ಗುಂಟೆ. ಪಹಣಿಗಿಂತ 29 ಗುಂಟೆ ಹೆಚ್ಚು. ಮುಕ್ಕಾಲು ಎಕರೆಗೆ ಹತ್ತಿರ.

ಮೊದಲು ಪ್ರೊಜೆಕ್ಷನ್. ಈ ಅಕ್ಷಾಂಶದಲ್ಲಿ ವೆಬ್ ಮರ್ಕೇಟರ್ ವಿಸ್ತೀರ್ಣವನ್ನು 1.066ರಷ್ಟು ಊದಿಸುತ್ತದೆ. `$area` ಕೇಳಿದಾಗ 18,907 ಚದರ ಮೀಟರ್ ಬಂತು, 186.9 ಗುಂಟೆ. ಹನ್ನೆರಡು ಗುಂಟೆಗೂ ಹೆಚ್ಚು ಒಂದೇ ಹೊಡೆತಕ್ಕೆ ಹೋಯಿತು.

ಆಮೇಲೆ ಖರಾಬು. 3ನೇ ಕಲಮಿನಲ್ಲಿ ಒಟ್ಟು 4-20, ಅದರಲ್ಲಿ ‘ಎ’ ಖರಾಬು 6 ಗುಂಟೆ ಬಂಡೆ, ‘ಬಿ’ ಖರಾಬು 4 ಗುಂಟೆ ಕಾಲುದಾರಿ. ಹೋಲಿಸಬೇಕಾದದ್ದು 170 ಗುಂಟೆಯ ಜೊತೆಗಲ್ಲ, 180ರ ಜೊತೆ. ಉಳಿದ ಅಂತರ 6.9 ಗುಂಟೆ, ಶೇ. 4ಕ್ಕೆ ಹತ್ತಿರ.

ಇನ್ನು ಟಿಪ್ಪಣಿ. ಆಧಾರ ರೇಖೆ 20 ಸರಪಳಿ. ಅದರ ಮೇಲೆ 8 ಸರಪಳಿಯಲ್ಲಿ ಎಡಕ್ಕೆ 9 ಸರಪಳಿ ಅಡ್ಡ ಅಳತೆ, 12 ಸರಪಳಿಯಲ್ಲಿ ಬಲಕ್ಕೂ 9. ಎಡದ ತ್ರಿಕೋನ 20ರ ಅರ್ಧ ಗುಣಿಸು 9, ಅಂದರೆ 90 ಗುಂಟೆ. ಬಲದ್ದೂ 90. ಮೊತ್ತ 180, ಆಕಾರ್‌ಬಂದಿನ 4-20ಕ್ಕೆ ಸರಿಯಾಗಿ ಕೂಡಿತು. ದಾಖಲೆಯ ಒಳಗೆ ಕೂಡುವ ತಪ್ಪು, ನಕಲು ತಪ್ಪು ಇಲ್ಲವೆಂದು ಖಚಿತವಾಯಿತು. ಈ ಹೊಂದಾಣಿಕೆಯನ್ನು ನೋಡದೆ ಮುಂದೆ ಹೋಗಬಾರದು. ಆಕಾರ್‌ಬಂದಿನ ಅಂಕಿ ಪಹಣಿಗೆ ಇಳಿಯುವಾಗ ತಪ್ಪಿದ ಪ್ರಕರಣಗಳೂ ಇವೆ.

ಟಿಪ್ಪಣಿ ಇನ್ನೊಂದನ್ನೂ ಹೇಳುತ್ತದೆ. ಎಡದ ಮೂಲೆಯಿಂದ ರೇಖೆಯ ತುದಿಗಿರುವ ಬದಿ, 12 ಮತ್ತು 9ರ ಲಂಬಕೋನ ತ್ರಿಕೋನದ ಓರೆಬದಿಯಾದ್ದರಿಂದ, 15 ಸರಪಳಿ, ಎಂದರೆ 151 ಮೀಟರ್. ಆ ಬದಿಯ ಆಚೆ ಬಂಡಿದಾರಿಯಿದೆ, ಅದು ಈ ನಂಬರಿಗೆ ಸೇರಿದ್ದಲ್ಲ. ಉಪಗ್ರಹ ಚಿತ್ರದಲ್ಲಿ ಬೇಲಿಯ ಗಿಡಗಳ ನೆರಳಿನಲ್ಲಿ ದಾರಿಯೂ ಬದುವೂ ಒಂದೇ ಕಪ್ಪು ಪಟ್ಟೆಯಾಗಿ ಕಂಡಿದ್ದರಿಂದ ಹುಡುಗ ದಾರಿಯ ಆಚೆ ಅಂಚನ್ನು ಹಿಡಿದಿದ್ದ. 151 ಮೀಟರ್ ಉದ್ದಕ್ಕೆ 3.2 ಮೀಟರ್ ಅಗಲ: 483 ಚದರ ಮೀಟರ್, 4.8 ಗುಂಟೆ. ಗೆರೆಯನ್ನು ಒಳಕ್ಕೆ ತಂದಾಗ ಉಳಿದದ್ದು 2.1 ಗುಂಟೆ.

ಅದೂ ಸಿಕ್ಕಿತು. ಹಳ್ಳದ ಕಡೆಯ ಬದಿ 121 ಮೀಟರ್. ಟಿಪ್ಪಣಿಯಲ್ಲಿ ಅದು ಎರಡು ಕಲ್ಲುಗಳ ನಡುವಿನ ನೇರ ಗೆರೆ. ನೆಲದ ಮೇಲೆ ಹಳ್ಳದ ದಂಡೆ ಬಿಲ್ಲಿನಂತೆ ಹೊರಕ್ಕೆ ಬಾಗಿದೆ, ನಡುವೆ 2.7 ಮೀಟರ್. ಇಂಥ ಬಾಗಿನ ವಿಸ್ತೀರ್ಣ ಉದ್ದ ಮತ್ತು ಎತ್ತರದ ಗುಣಲಬ್ಧದ ಮೂರನೇ ಎರಡು ಭಾಗ, ಇಲ್ಲಿ 218 ಚದರ ಮೀಟರ್, 2.2 ಗುಂಟೆ. ಸರ್ವೆಯ ಕಾಲದಲ್ಲಿ ಬಾಗು ಇತ್ತೋ, ಆಮೇಲೆ ಹಳ್ಳ ಪಾತ್ರ ಬದಲಿಸಿ ಮಣ್ಣು ತುಂಬಿತೋ ಎಂಬುದನ್ನು ತಂತ್ರಾಂಶ ಹೇಳಲಾರದು.

ಕಲ್ಪಿತ ಹೊಲವಾದ್ದರಿಂದ ಲೆಕ್ಕ ಕೊನೆಯ ಗುಂಟೆಯವರೆಗೆ ಕೂಡಿತು. ನಿಜವಾದ ಹೊಲಗಳಲ್ಲಿ ಕೊನೆಯ ಒಂದೆರಡು ಗುಂಟೆಗೆ ಕಾರಣ ಸಿಗದೆ ಉಳಿಯುವುದೇ ಹೆಚ್ಚು. ಸವೆದ ಸರಪಳಿ, ಗುಂಟೆಗೆ ಸರಿಮಾಡಿ ಬರೆದ ಆಣೆಗಳು, ಕೈ ನಡುಗಿದ ಗೆರೆ ಎಲ್ಲ ಸೇರಿ ಆ ಉಳಿಕೆ. ಇದೇ ಹೊಲದ ಸುತ್ತಳತೆ 544 ಮೀಟರ್. ಗೆರೆ ಸುತ್ತಲೂ ಒಂದು ಮೀಟರ್ ಹೊರಗೆ ಬಿದ್ದರೆ ಸಾಕು, 5.4 ಗುಂಟೆ ಹೆಚ್ಚುತ್ತದೆ, ಶೇ. 3.

ಕಾರಣವನ್ನು ಗುರುತಿಸುವುದು

ಒಂದೇ ಹೊಲವನ್ನು ಅಳೆದು ಕಾರಣ ಹುಡುಕುವುದು ಕಷ್ಟ. ಸುತ್ತಲಿನ ಇಪ್ಪತ್ತು ಸರ್ವೆ ನಂಬರುಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ತಂತ್ರಾಂಶದ ವಿಸ್ತೀರ್ಣವನ್ನು ದಾಖಲೆಯ ಒಟ್ಟು ವಿಸ್ತೀರ್ಣದಿಂದ ಭಾಗಿಸಿ ಬರೆದಿಟ್ಟರೆ ಕಾರಣ ತಾನಾಗಿ ಮುಖ ತೋರಿಸುತ್ತದೆ. ಎಲ್ಲವೂ 1.06ರ ಆಸುಪಾಸು ಇದ್ದರೆ ಪ್ರೊಜೆಕ್ಷನ್ ಅಥವಾ ನಕಾಶೆಯ ಪ್ರಮಾಣದ ತಪ್ಪು. ಅದನ್ನು ತಿಳಿಯಲು ಆ ಅಕ್ಷಾಂಶದ ವೆಬ್ ಮರ್ಕೇಟರ್ ಊತವನ್ನು ಪಕ್ಕದಲ್ಲಿಟ್ಟು ನೋಡಿದರಾಯಿತು. ಊರಿನ ಒಂದು ದಿಕ್ಕಿಗೆ ಹೋದಂತೆ ಅನುಪಾತ ಮೆಲ್ಲನೆ ಏರುತ್ತಿದ್ದರೆ ನಕಾಶೆಯನ್ನು ಕೂರಿಸುವಾಗ ಆ ಕಡೆ ಹಿಗ್ಗಿಸಿದ್ದಾರೆ.

ದೊಡ್ಡ ಹೊಲಗಳು ಸರಿಬಂದು ಚಿಕ್ಕವು ಮಾತ್ರ ಹೆಚ್ಚು ತೋರುತ್ತಿದ್ದರೆ ಗೆರೆಯ ದಪ್ಪವೋ ಬದುವಿನ ಅಗಲವೋ ಕಾರಣ. ಐದು ಗುಂಟೆಯ ಚೌಕದ ಸುತ್ತಳತೆ 90 ಮೀಟರ್, ವಿಸ್ತೀರ್ಣ 506 ಚದರ ಮೀಟರ್. ಅಲ್ಲಿ ಸುತ್ತಲೂ ಒಂದು ಮೀಟರ್ ತಪ್ಪಿದರೆ ಶೇ. 18 ಹೋಗಿಬಿಡುತ್ತದೆ. ಮೊಬೈಲಿನ ಜಿಪಿಎಸ್ ಹಿಡಿದು ಸೈಟಿನ ಸುತ್ತ ನಡೆದು ಬಂದವರ ಅಂಕಿಗೆ ಬೆಲೆಯಿಲ್ಲದಿರುವುದು ಇದರಿಂದಲೇ. ಬಯಲಿನಲ್ಲೂ ಅದರ ತಪ್ಪು ಮೂರರಿಂದ ಐದು ಮೀಟರ್. ಅದೇ ಜಿಪಿಎಸ್ ಹಿಡಿದು ಐವತ್ತು ಎಕರೆ ತೋಪನ್ನು ಸುತ್ತಿದರೆ ಉತ್ತರ ಒಪ್ಪುವಂತೆಯೇ ಬರುತ್ತದೆ.

ಒಂದು ನಂಬರು ಐದು ಗುಂಟೆ ಹೆಚ್ಚು, ಪಕ್ಕದ್ದು ಐದು ಗುಂಟೆ ಕಡಿಮೆ, ಎರಡೂ ಕೂಡಿದರೆ ಸರಿ ಎಂದಾದರೆ ಮಾತ್ರ ನಡುವಿನ ಗಡಿಯ ಮೇಲೆ ಗಮನ ಹೋಗಬೇಕು. ಗೆರೆ ಎಳೆದವರು ತಪ್ಪಿದ್ದಾರೆಯೇ, ಉಳುವವರು ಬದುವನ್ನು ಸರಿಸಿದ್ದಾರೆಯೇ ಎಂಬುದು ಆಮೇಲಿನ ಪ್ರಶ್ನೆ. ಒತ್ತುವರಿಯ ಅನುಮಾನಕ್ಕೆ ಅಂಕಿಗಳಲ್ಲಿ ಸಿಗುವ ಗುರುತು ಇದೊಂದೇ. ನೆರೆಯವನ ನಂಬರನ್ನು ಅಳೆಯದೆ ತನ್ನದೊಂದನ್ನೇ ಅಳೆದು ಜಗಳಕ್ಕೆ ಹೋದವರ ಕೈಯಲ್ಲಿ ಈ ಗುರುತೂ ಇರುವುದಿಲ್ಲ.

ದಾಖಲೆಯ ಮಟ್ಟಿಗೆ

ತಂತ್ರಾಂಶದ ಅಂಕಿಯನ್ನು ತೋರಿಸಿ ಪಹಣಿಯ ವಿಸ್ತೀರ್ಣ ತಿದ್ದಿಸಲು ಬರುವುದಿಲ್ಲ. ಗಡಿಯ ಬಗ್ಗೆ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಬೇಕು. ಸರ್ವೆಯರ್ ಟಿಪ್ಪಣಿ ಹಿಡಿದು ಬಂದು, ಸಿಕ್ಕ ಹಳೆಯ ಕಲ್ಲುಗಳಿಂದ ಅಳೆದು, ಸಿಗದ ಕಲ್ಲುಗಳ ಜಾಗ ತೋರಿಸುತ್ತಾನೆ. ಹದ್ದುಬಸ್ತಿನಲ್ಲಿ ಉತ್ತರ ಸಿಗುವುದು ಗಡಿ ಎಲ್ಲಿ ಎಂಬ ಪ್ರಶ್ನೆಗೆ. ಕ್ರಯಪತ್ರದಲ್ಲಿ ಚಕ್ಕುಬಂದಿ ಒಂದು ಹೇಳಿ ವಿಸ್ತೀರ್ಣ ಇನ್ನೊಂದು ಹೇಳಿದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ತೂಕ ಕೊಡುವುದೂ ಇದೇ ತರ್ಕದಿಂದ. ಕಲ್ಲು, ಹಳ್ಳ, ಪಕ್ಕದವನ ಹೊಲ ಇವು ನೆಲದ ಮೇಲಿವೆ. ವಿಸ್ತೀರ್ಣ ಅವುಗಳಿಂದ ಹೊರಟ ಲೆಕ್ಕ.

ಹೊಸ ಉಪಕರಣಗಳು ಬಂದಂತೆ ಈ ಅಂತರ ಇನ್ನೂ ಎದ್ದು ಕಾಣತೊಡಗಿದೆ. ಸೆಂಟಿಮೀಟರ್ ಮಟ್ಟಕ್ಕೆ ಅಳೆಯಬಲ್ಲ ರೋವರ್ ಹಿಡಿದು ಪೋಡಿ ಮಾಡುವಾಗಲೂ ಹಿಸ್ಸಾಗಳ ಮೊತ್ತ ಆಕಾರ್‌ಬಂದಿನ ಮೊತ್ತಕ್ಕೆ ತಾಳೆಯಾಗಬೇಕು. ಕಲ್ಲಿನಿಂದ ಕಲ್ಲಿಗೆ ರೋವರ್ 182 ಗುಂಟೆ ತೋರಿಸಿದರೂ ಇಬ್ಬರು ಅಣ್ಣತಮ್ಮಂದಿರ ಹೆಸರಿಗೆ ಬರೆಯಲು ಇರುವುದು ಖರಾಬೂ ಸೇರಿ 180. ಇಬ್ಬರಿಗೂ ಸಮಪಾಲೆಂದರೆ ಪಹಣಿಯಲ್ಲಿ 2-10, 2-10 ಎಂದು ಬೀಳುತ್ತದೆ. ಅವರಲ್ಲೊಬ್ಬ ಮುಂದೆ ತನ್ನ ಹಿಸ್ಸಾವನ್ನು ಪರದೆಯ ಮೇಲೆ ಸರಿಯಾದ ಪ್ರೊಜೆಕ್ಷನ್ನಿನಲ್ಲಿ, ಕಲ್ಲಿನಿಂದ ಕಲ್ಲಿಗೆ ಅಳೆದು ನೋಡಿದಾಗ 2 ಎಕರೆ 11 ಗುಂಟೆ ಬರುತ್ತದೆ.